ಸೋದರಿಯ ಹಾರೈಕೆಯೂ ‘ಸದ್ದಿಲ್ಲದೆ ಇರಲಿ’ ಎಂಬ ವಾದವೂ

ನಮ್ಮ ನಾಡಿನ ಸಭ್ಯ ಜನರ ನಡುವೆ ಈಚೆಗೆ ಒಂದು ಅಭಿಪ್ರಾಯವು ಬೇರೂರಿದೆ. ಅದನ್ನು ಆಡುವವರು ತಮ್ಮನ್ನು ಉದಾರಿಗಳೆಂದೇ ಎಣಿಸಿಕೊಂಡಿದ್ದಾರೆ. ಇಬ್ಬರು ಗಂಡಸರು ಪರಸ್ಪರ ಅನುರಕ್ತರಾಗಿ ಒಂದೇ ಮನೆಯಲ್ಲಿ ಬಾಳುವುದಾದರೆ ಬಾಳಲಿ, ಅದು ಅವರ ಸ್ವಂತ ವಿಷಯ, ಅದನ್ನು ಕೆದಕುವ ಹಕ್ಕು ಯಾರಿಗೂ ಇಲ್ಲ. ಆದರೆ ಅದಕ್ಕೊಂದು ಸಮಾರಂಭವೇಕೆ, ನಾಲ್ಕು ಜನರನ್ನು ಕರೆದು ಪ್ರತಿಜ್ಞೆ ಮಾಡುವುದೇಕೆ, ಅದರಲ್ಲಿಯೂ ಒಡಹುಟ್ಟಿದ ಹೆಣ್ಣುಮಗಳು ಆ ಸಭೆಯ ನಡುವೆ ಎದ್ದುನಿಂತು ಅಣ್ಣನನ್ನೂ ಅವನ ಸಂಗಾತಿಯನ್ನೂ ಹೆಸರಿಟ್ಟು ಹರಸುವುದೇಕೆ, ಸದ್ದಿಲ್ಲದೆ ಇದ್ದರೆ ಆಗದೇ ಎಂಬುದು ಆ ಅಭಿಪ್ರಾಯದ ಸಾರ. ಹಿರಿಯೂರಿನ ಹೋಟೆಲಿನ ಮೇಜಿನ ಮೇಲೂ, ಹರಿಯಬ್ಬೆಯಂಥ ಊರಿನ ಜಗಲಿಯ ಮೇಲೂ, ಬೆಂಗಳೂರಿನ ವಿದ್ಯಾವಂತರ ಪಡಸಾಲೆಯಲ್ಲಿಯೂ ಇದೇ ಮಾತು ಕೇಳಿಬರುತ್ತದೆ. ಇದನ್ನು ದ್ವೇಷದ ಮಾತೆಂದು ನಾನು ಹೇಳಲಾರೆ; ಹಲವರು ಇದನ್ನು ಕರುಣೆಯಿಂದಲೇ ಆಡುತ್ತಾರೆ. ಆದರೂ ಇದು ಸಂಪೂರ್ಣ ತಪ್ಪಾದ ವಾದವೆಂದೂ, ಅದು ಕಾಪಾಡುತ್ತೇನೆಂದು ಹೇಳುವ ಸಂಸಾರವನ್ನೇ ಕೊನೆಗೆ ಒಡೆಯುವಂಥದೆಂದೂ ನನ್ನ ದೃಢವಾದ ನಂಬಿಕೆ. ಅದರ ಕಾರಣಗಳನ್ನು ಒಂದೊಂದಾಗಿ ನಿರೂಪಿಸುವುದು ಈ ಬರಹದ ಉದ್ದೇಶ.

ಮೊದಲನೆಯದಾಗಿ, ಸಮಾರಂಭದಲ್ಲಿ ಸೋದರಿ ಎದ್ದು ಮಾತನಾಡುವುದು ಪರದೇಶದ ಅನುಕರಣೆ, ಮದ್ಯದ ಲೋಟವನ್ನೆತ್ತಿ ಹಾರೈಸುವ ಬಿಳಿಯರ ಪದ್ಧತಿ ಎಂಬ ಆಕ್ಷೇಪವನ್ನು ನೋಡೋಣ. ಲೋಟವೆತ್ತುವುದು ಪರಕೀಯವಿರಬಹುದು; ಮದುವೆಯ ಮನೆಯಲ್ಲಿ ಸೋದರಿಗೆ ನುಡಿಯುವ ಅಧಿಕಾರವಿರುವುದು ಪರಕೀಯವಲ್ಲ. ನಮ್ಮ ಮದುವೆಗಳಲ್ಲಿ ಕಳಸ ಹಿಡಿದು ವರನ ಜೊತೆಗೆ ನಡೆಯುವ ಕಳಸಗಿತ್ತಿ ಸಾಮಾನ್ಯವಾಗಿ ಅವನ ಅಕ್ಕನೋ ತಂಗಿಯೋ ಆಗಿರುತ್ತಾಳೆ. ಹಸೆಗೆ ಕರೆಯುವ ಹಾಡು ಹೆಂಗಸರದು. ಹೊಸ ಜೋಡಿ ಮನೆಯ ಹೊಸ್ತಿಲಿಗೆ ಬಂದಾಗ ಬಾಗಿಲಿಗೆ ಅಡ್ಡನಿಂತು, ನಿಮಗೆ ಹುಟ್ಟುವ ಹೆಣ್ಣನ್ನು ನನ್ನ ಮಗನಿಗೆ ಕೊಡುವೆಯಾ ಎಂದು ಅಣ್ಣನಿಂದ ಮಾತು ತೆಗೆದುಕೊಂಡ ಬಳಿಕವೇ ದಾರಿ ಬಿಡುವವಳು ವರನ ಸೋದರಿ. ಬಂಧುಬಳಗವೆಲ್ಲ ನೆರೆದು ನೋಡುತ್ತಿರುವಾಗ ಒಬ್ಬ ಹೆಣ್ಣುಮಗಳು ತನ್ನ ಹಕ್ಕನ್ನು ನುಡಿದು, ಪ್ರತಿಯಾಗಿ ವಚನ ಪಡೆಯುವ ಈ ಶಾಸ್ತ್ರವನ್ನು ಕೇವಲ ವಿನೋದವೆಂದು ಎಣಿಸುವವರು ಅದರ ಅರ್ಥವನ್ನು ಅರಿತವರಲ್ಲ. ಅಣ್ಣನ ಹೊಸ ಸಂಬಂಧವು ತನ್ನ ಒಪ್ಪಿಗೆಯಿಂದ ಮನೆಯೊಳಕ್ಕೆ ಬಂತೆಂಬುದನ್ನು ಹೊಸ್ತಿಲಿನ ಮೇಲೆ ನಿಂತು ಸಾರುವುದೇ ಅದರ ತಾತ್ಪರ್ಯ. ಮಾತನಾಡುವ ಸೋದರಿ ನಮ್ಮಲ್ಲಿ ಎಂದಿನಿಂದಲೂ ಇದ್ದಾಳೆ.

ಆದರೆ ಅಣ್ಣನ ಸಂಗಾತಿಯು ಗಂಡಸಾಗಿರುವಾಗ ಈ ಶಾಸ್ತ್ರದ ಒಂದು ಅಂಗವು ಸಹಜವಾಗಿಯೇ ಕಳಚಿಬೀಳುತ್ತದೆ. ಹೆಣ್ಣು ಕೊಡು ಎಂದು ಕೇಳುವ ಪ್ರಶ್ನೆ ಅಲ್ಲಿಲ್ಲ. ಸೋದರಿಯ ಮಗಳನ್ನೇ ಸೋದರಮಾವನಿಗೆ ತಂದುಕೊಳ್ಳುವ ನಮ್ಮ ಕಡೆಯ ಹಳೆಯ ಸಂಬಂಧದ ಆಸೆಯೂ ಅಲ್ಲಿಲ್ಲ. ಹೊಸ್ತಿಲಿನ ಶಾಸ್ತ್ರದಲ್ಲಿ ಅವಳು ಬೇಡುವವಳು, ಇಲ್ಲಿ ಕೊಡುವವಳು. ತಾನು ಮುಂದೆ ಏನನ್ನೂ ಪಡೆಯದಿರುವ ಸಂಬಂಧವೊಂದನ್ನು, ತನ್ನ ನಂಟಿನ ಲಾಭಗಳೆಲ್ಲ ಮುಗಿಯುವ ಸಂಬಂಧವೊಂದನ್ನು, ಸಭೆಯ ಮುಂದೆ ತನ್ನದೆಂದು ಒಪ್ಪಿಕೊಳ್ಳುವ ಸೋದರಿಯ ಮಾತಿಗೆ ಬೇರೆ ಯಾವ ಮದುವೆಯ ಮಾತಿಗಿಂತಲೂ ಹೆಚ್ಚಿನ ತೂಕವಿದೆ.

ಎರಡನೆಯ ಆಕ್ಷೇಪವು ನ್ಯಾಯಶಾಸ್ತ್ರದ ಉಡುಪಿನಲ್ಲಿ ಬರುತ್ತದೆ. ಕಾನೂನು ಇಂಥ ಮದುವೆಯನ್ನು ಮಾನ್ಯ ಮಾಡಿಲ್ಲ. ಆದುದರಿಂದ ಆ ಸಮಾರಂಭವೂ ಅಲ್ಲಿಯ ಭಾಷಣವೂ ಬರಿಯ ಅಭಿನಯವಲ್ಲದೆ ಬೇರೇನು ಎಂದು ಕೇಳುತ್ತಾರೆ. ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳೋಣ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. 2021ರ ಡಿಸೆಂಬರಿನಲ್ಲಿ ನೆರೆಯ ತೆಲಂಗಾಣದ ಹೈದರಾಬಾದಿನ ಹೊರವಲಯದಲ್ಲಿ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಎಂಬಿಬ್ಬರು, ಒಬ್ಬರದು ಬಂಗಾಳಿ ಮನೆತನ, ಇನ್ನೊಬ್ಬರದು ಪಂಜಾಬಿ, ಬಂಧುಮಿತ್ರರ ಸಮಕ್ಷಮ ಉಂಗುರ ತೊಡಿಸಿಕೊಂಡು ಜೊತೆಯಾಗಿ ಬಾಳುವ ಪ್ರತಿಜ್ಞೆ ಮಾಡಿದರು. ಅವರೇ ಮುಂದೆ ವಿವಾಹದ ಹಕ್ಕನ್ನು ಕೋರಿ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಅವರ ಹೆಸರಿನಲ್ಲಿಯೇ ಪ್ರಸಿದ್ಧವಾದ ಆ ಪ್ರಕರಣದಲ್ಲಿ ಐವರು ನ್ಯಾಯಾಧೀಶರ ಪೀಠವು 2023ರ ಅಕ್ಟೋಬರ್ 17ರಂದು, ಸಂವಿಧಾನದಲ್ಲಿ ವಿವಾಹವಾಗುವ ಮೂಲಭೂತ ಹಕ್ಕು ಎಂಬುದಿಲ್ಲ, ಅಂಥ ಕಾನೂನು ಮಾಡುವುದು ಶಾಸನಸಭೆಯ ಕೆಲಸ ಎಂದು ಹೇಳಿತು. ಮರುಪರಿಶೀಲನೆಯ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಇಷ್ಟನ್ನು ಆಕ್ಷೇಪಿಸುವವರು ಬಲ್ಲರು. ಅವರು ಬಲ್ಲದಿರುವುದು ಅದೇ ತೀರ್ಪಿನ ಇನ್ನೊಂದು ಮಾತು: ಸಂಗಾತಿಯನ್ನು ಆರಿಸಿಕೊಳ್ಳುವ, ಜೊತೆಯಾಗಿ ಬಾಳುವ ಹಕ್ಕು ಈ ಜನರಿಗೆ ಇದೆಯೆಂದೂ, ಸಮಾಜದೊಳಗೆ ತಮ್ಮ ಬದ್ಧತೆಯನ್ನು ತಮಗೆ ಬೇಕಾದ ರೀತಿಯಲ್ಲಿ ಆಚರಿಸಲು ಅಡ್ಡಿಯಿಲ್ಲವೆಂದೂ, ವಿವಾಹದ ಹಕ್ಕನ್ನು ನಿರಾಕರಿಸಿದ ಬಹುಮತದ ನ್ಯಾಯಾಧೀಶರೇ ಬರೆದಿದ್ದಾರೆ. ಸಮಾರಂಭವು ಕಾನೂನಿನ ವಂಚನೆಯಲ್ಲ. ಕಾನೂನು ತಾನೇ ತೆರೆದಿಟ್ಟ ಜಾಗದಲ್ಲಿ ಅದು ನಡೆಯುತ್ತದೆ.

ಕಾನೂನು ಮಾನ್ಯ ಮಾಡುವ ಮೊದಲು ನಡೆದ ಆಚರಣೆಯೆಲ್ಲ ವ್ಯರ್ಥವೆಂಬ ಮಾತು ದಕ್ಷಿಣ ಭಾರತದ ಚರಿತ್ರೆಗೇ ವಿರುದ್ಧವಾದುದು. ತಮಿಳುನಾಡಿನಲ್ಲಿ 1920ರ ದಶಕದ ಕೊನೆಯಿಂದ ಸ್ವಾಭಿಮಾನದ ಮದುವೆಗಳು ನಡೆಯತೊಡಗಿದವು. ಪುರೋಹಿತರಿಲ್ಲ, ಹೋಮವಿಲ್ಲ, ಸಪ್ತಪದಿಯಿಲ್ಲ. ಬಂಧುಗಳೂ ಹಿರಿಯರೂ ಎದ್ದುನಿಂತು ಮಾಡುವ ಭಾಷಣಗಳೇ ಅಲ್ಲಿ ವಿಧಿಯ ಸ್ಥಾನವನ್ನು ಪಡೆದಿದ್ದವು. 1953ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು ಅಂಥ ಮದುವೆ ಸಿಂಧುವಲ್ಲವೆಂದು ತೀರ್ಪಿತ್ತಿತು. ಜನರು ಆಗಲೂ ಅದನ್ನು ಬಿಡಲಿಲ್ಲ. 1967ರಲ್ಲಿ ಅಣ್ಣಾದುರೈಯವರ ಸರ್ಕಾರವು ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿಯನ್ನು ತಂದು, ಮುಂದೆ ಆಗುವ ಮದುವೆಗಳನ್ನು ಮಾತ್ರವಲ್ಲದೆ ಹಿಂದೆ ಆಗಿಹೋದವುಗಳನ್ನೂ ಸಿಂಧುಗೊಳಿಸಿತು. ಸುಮಾರು ನಾಲ್ಕು ದಶಕಗಳ ಕಾಲ ಆ ದಂಪತಿಗಳಿಗಿದ್ದ ಆಧಾರವೆಂದರೆ ಸಭೆಯಲ್ಲಿ ಎದ್ದುನಿಂತವರ ಮಾತು ಮತ್ತು ಅದನ್ನು ಕೇಳಿದವರ ಸಾಕ್ಷ್ಯ. ನಮ್ಮ ನಾಡಿನಲ್ಲಿಯೂ ಕುವೆಂಪು ಅವರು ಮಂತ್ರಮಾಂಗಲ್ಯವೆಂಬ ಸರಳ ವಿಧಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆ ರೀತಿಯಲ್ಲಿ ನೆರವೇರಿಸಿದರಷ್ಟೆ. ವಿಧಿಗಳು ಆಕಾಶದಿಂದ ಉದುರಿದುವಲ್ಲ. ಅಗತ್ಯ ಬಂದಾಗ ಮನುಷ್ಯರೇ ಅವುಗಳನ್ನು ಕಟ್ಟಿದ್ದಾರೆ, ಬಂಧುಗಳ ಮಾತೇ ಅವುಗಳಿಗೆ ಮೊದಲ ಬಲವನ್ನು ಕೊಟ್ಟಿದೆ.

ಇನ್ನು ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ‘ಸದ್ದಿಲ್ಲದೆ ಇರಲಿ’ ಎನ್ನುವವರು ಸೋದರಿಯನ್ನು ಈ ವಿಷಯದಲ್ಲಿ ಹೊರಗಿನವಳೆಂದು ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಹೊರಗಿನವನು ಸಂಗಾತಿ, ಸೋದರಿಯು ವಾರಸುದಾರಳು. ಹರಿಯಬ್ಬೆಯ ಕಡೆಯ ಒಬ್ಬ ಹುಡುಗನನ್ನು ಭಾವಿಸಿಕೊಳ್ಳಿ. ಓದಿ, ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಒಬ್ಬ ಗಂಡಸಿನ ಜೊತೆಗೆ ಹತ್ತಾರು ವರ್ಷ ಬಾಳಿ, ಇಬ್ಬರ ಸಂಪಾದನೆಯಿಂದ ತನ್ನ ಹೆಸರಿನಲ್ಲಿ ಒಂದು ಮನೆಯನ್ನು ಕೊಂಡಿದ್ದಾನೆ. ಊರಿನಲ್ಲಿ ಅವನ ಪಾಲಿಗೆ ಬಂದ ಎರಡು ಎಕರೆ ಜಮೀನೂ ಇದೆ. ತಂದೆತಾಯಿಗಳು ಗತಿಸಿದ್ದಾರೆ, ಒಡಹುಟ್ಟಿದವಳು ತಂಗಿ ಒಬ್ಬಳೇ. ಅವನು ಉಯಿಲು ಬರೆಯದೆ ಅಕಸ್ಮಾತ್ತಾಗಿ ತೀರಿಕೊಂಡನೆನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮೊದಲ ವರ್ಗದ ವಾರಸುದಾರರು ಹೆಂಡತಿ, ಮಕ್ಕಳು, ತಾಯಿ ಮುಂತಾದವರು. ಅವರು ಯಾರೂ ಇಲ್ಲದಿದ್ದರೆ ಎರಡನೆಯ ವರ್ಗದಲ್ಲಿ ಮೊದಲು ತಂದೆ, ಆತನ ತರುವಾಯ ಸೋದರ ಸೋದರಿಯರ ಸಾಲು. ಇಲ್ಲಿ ಆಸ್ತಿಯೆಲ್ಲ ತಂಗಿಗೆ ಸೇರುತ್ತದೆ. ಜೊತೆಯಲ್ಲಿ ಬಾಳಿದವನ ಹೆಸರು ಆ ಕಾಯ್ದೆಯ ಯಾವ ಪಟ್ಟಿಯಲ್ಲಿಯೂ ಇಲ್ಲ. ಊರಿನ ಜಮೀನಿಗೆ ಪೌತಿ ಖಾತೆ ಮಾಡಿಸಲು ವಂಶವೃಕ್ಷವನ್ನು ಬರೆಸಿದರೆ ಅದರ ಒಂದು ಕೊಂಬೆಯಲ್ಲಿಯೂ ಅವನಿಗೆ ಸ್ಥಳವಿರುವುದಿಲ್ಲ. ಪಹಣಿಗೆ ಏರುವುದು ತಂಗಿಯ ಹೆಸರು. ಬೆಂಗಳೂರಿನ ಮನೆಗೆ ಸಾಲದ ಕಂತನ್ನು ಅವನು ಎಷ್ಟು ವರ್ಷ ಕಟ್ಟಿದ್ದನೆಂಬುದನ್ನು ಯಾವ ಕಚೇರಿಯೂ ತಾನಾಗಿ ಕೇಳುವುದಿಲ್ಲ. ಆ ಹಣವನ್ನು ರುಜುವಾತುಪಡಿಸುವ ಭಾರವೆಲ್ಲ ಅವನ ಮೇಲೆಯೇ ಬೀಳುತ್ತದೆ.

ಇದಕ್ಕಿಂತಲೂ ಕ್ರೂರವಾದುದು ಸಾವಿನ ದಿನದ ಪ್ರಶ್ನೆ. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಕೆಲವು ಸ್ಪಷ್ಟೀಕರಣಗಳನ್ನು ಹೊರಡಿಸಿತು: ಸಲಿಂಗಿ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲೂ ಒಬ್ಬರನ್ನೊಬ್ಬರು ನಾಮಿನಿಯಾಗಿ ಸೂಚಿಸಲೂ ಅಡ್ಡಿಯಿಲ್ಲ. ಆರೋಗ್ಯ ಸಚಿವಾಲಯವೂ ರಾಜ್ಯಗಳಿಗೆ ಪತ್ರ ಬರೆದು, ಮೃತನ ಹತ್ತಿರದ ಬಂಧುಗಳು ದೊರೆಯದಿದ್ದಾಗ ಸಂಗಾತಿಯು ದೇಹವನ್ನು ಕೇಳಿ ಪಡೆಯಬಹುದೆಂದು ತಿಳಿಸಿತು. ಬಂಧುಗಳು ದೊರೆಯದಿದ್ದಾಗ ಎಂಬ ಮಾತನ್ನು ಓದುಗರು ಗಮನಿಸಬೇಕು. ಬಂಧುಗಳು ದೊರೆತರೆ? ಆಗ ನಿರ್ಧಾರವು ಅವರದು. ತುರ್ತು ಚಿಕಿತ್ಸೆಯ ಕೋಣೆಯ ಹೊರಗೆ ‘ರೋಗಿಯ ಕಡೆಯವರು ಯಾರು’ ಎಂದು ಕೇಳಿದಾಗಲೂ, ಶವಾಗಾರದ ರಸೀತಿಗೆ ಸಹಿ ಬೇಕಾದಾಗಲೂ, ಮಣ್ಣು ಊರಿನಲ್ಲಾಗಬೇಕೋ ಬೆಂಗಳೂರಿನಲ್ಲಾಗಬೇಕೋ ಎಂದು ಗೊತ್ತುಮಾಡುವಾಗಲೂ, ಜೊತೆಗೆ ಬಾಳಿದವನು ಅಲ್ಲಿ ನಿಲ್ಲಬಲ್ಲನೆ ಇಲ್ಲವೆ ಎಂಬುದು ತಂಗಿಯ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆ ಮಾತನ್ನು ಅವಳು ಮೊದಲೇ, ಎಲ್ಲರೂ ಕ್ಷೇಮವಾಗಿರುವ ದಿನ, ಬಂಧುಗಳೂ ಸ್ನೇಹಿತರೂ ಕೇಳುವಂತೆ ಆಡಿದ್ದರೆ, ಸಂಕಟದ ದಿನ ದೊಡ್ಡಪ್ಪನ ಮಕ್ಕಳು ಬಂದು ‘ಇವನು ಯಾರು’ ಎಂದು ಕೇಳಲಾರರು. ಅವಳು ಸುಮ್ಮನಿದ್ದರೆ, ಕೇಳಿಯೇ ಕೇಳುತ್ತಾರೆ. ಸುಮ್ಮನಿರುವುದು ಮರ್ಯಾದೆ ಎನ್ನುವವರು ಆ ದಿನದ ಆಸ್ಪತ್ರೆಯ ಅಂಗಳದಲ್ಲಿ ಒಮ್ಮೆ ನಿಂತು ಯೋಚಿಸಲಿ.

ಹಾಗೆಂದು ಮಾತು ಸರ್ವಶಕ್ತವೆಂದು ನಾನು ಹೇಳುತ್ತಿಲ್ಲ; ಅದರ ಮಿತಿಯನ್ನು ಮರೆಸಿದರೆ ನಾನೂ ಓದುಗರಿಗೆ ಅನ್ಯಾಯ ಮಾಡಿದಂತಾಗುತ್ತದೆ. ‘ಅಣ್ಣನ ಆಸ್ತಿ ನನಗೆ ಬೇಡ’ ಎಂದು ತಂಗಿಯು ಸಭೆಯಲ್ಲಿ ಸಾರಿದರೂ ಕಾನೂನು ಅದನ್ನು ಹಕ್ಕಿನ ತ್ಯಾಗವೆಂದು ಪರಿಗಣಿಸುವುದಿಲ್ಲ. ಮುಂದೆ ಎಂದೋ ಬರಬಹುದಾದ ವಾರಸಿಕೆಯ ನಿರೀಕ್ಷೆಯನ್ನು ಈಗಲೇ ಇನ್ನೊಬ್ಬರಿಗೆ ಬಿಟ್ಟುಕೊಡಲು ಬರುವುದಿಲ್ಲವೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 6ನೆಯ ಪ್ರಕರಣವು ಹೇಳುತ್ತದೆ. ಆದಕಾರಣ ಅಣ್ಣನು ಉಯಿಲನ್ನು ಬರೆಯಲೇಬೇಕು. ಅದಕ್ಕೆ ಬೇಕಾದುದು ಇಬ್ಬರು ಸಾಕ್ಷಿಗಳ ಸಹಿ; ನೋಂದಣಿಯು ಕಡ್ಡಾಯವಲ್ಲ, ಮಾಡಿಸಿದರೆ ಮುಂದಿನ ತಕರಾರು ಕಡಿಮೆ. ಪಿತ್ರಾರ್ಜಿತದಲ್ಲಿ ತನಗೆ ಬರುವ ಪಾಲನ್ನೂ ಉಯಿಲಿನ ಮೂಲಕ ಕೊಡಲು ಉತ್ತರಾಧಿಕಾರ ಕಾಯ್ದೆಯೇ ಅವಕಾಶವಿತ್ತಿದೆ. ನಾಮಿನಿಯಾಗಿ ಹೆಸರು ಬರೆಸಿದೆವಲ್ಲಾ ಎಂದು ನೆಮ್ಮದಿಯಾಗಿರುವವರು ತಪ್ಪು ತಿಳಿದಿದ್ದಾರೆ. ನಾಮಿನಿಯು ಹಣವನ್ನು ಪಡೆಯುವವನೇ ಹೊರತು ಅದರ ಒಡೆಯನಲ್ಲವೆಂಬುದು ನ್ಯಾಯಾಲಯಗಳ ಸ್ಥಿರವಾದ ನಿಲುವು. ಆದರೆ ಉಯಿಲು ಬರೆದ ಮಾತ್ರಕ್ಕೆ ಕೆಲಸ ಮುಗಿಯುವುದೇ? ಉಯಿಲನ್ನು ಪ್ರಶ್ನಿಸಿ ದಾವೆ ಹೂಡಬಲ್ಲವಳು ಯಾರು? ಉಯಿಲು ಇಲ್ಲದಿದ್ದರೆ ಆಸ್ತಿಯು ಯಾರಿಗೆ ಬರುತ್ತಿತ್ತೋ ಆ ತಂಗಿಯೇ. ಒತ್ತಾಯದಿಂದ ಬರೆಸಿದ್ದು, ಪ್ರಜ್ಞೆಯಿಲ್ಲದಾಗ ಬರೆಸಿದ್ದು ಎಂಬ ವಾದಗಳೆಲ್ಲ ಇಂಥ ದಾವೆಗಳಲ್ಲಿ ಹುಟ್ಟುವುವು. ಅಣ್ಣನ ಬಾಳು ಸ್ವಸ್ಥಚಿತ್ತದ, ಸ್ವೇಚ್ಛೆಯ, ಬಂಧುಸಮ್ಮತವಾದ ಬಾಳೆಂದು ಅವಳೇ ನೂರು ಜನರೆದುರು ನುಡಿದ ಮೇಲೆ ಆ ವಾದಗಳು ಅವಳ ಬಾಯಲ್ಲಿ ಬರಲಾರವು. ಅವಳ ಗಂಡನ ಮನೆಯವರು ಒತ್ತಾಯಿಸಿದರೂ ಬರಲಾರವು. ಉಯಿಲು ಪತ್ರದ ರಕ್ಷಣೆ, ಹಾರೈಕೆಯು ಉಯಿಲಿನ ರಕ್ಷಣೆ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದು ಕಷ್ಟ.

ಮೂರನೆಯ ಆಕ್ಷೇಪವು ಪರಂಪರೆಯ ಹೆಸರಿನದು. 2020ರಲ್ಲಿ ಕೊಡಗಿನ ಮೂಲದ ಒಬ್ಬ ತರುಣನು ಅಮೆರಿಕದಲ್ಲಿ ತನ್ನ ಪುರುಷ ಸಂಗಾತಿಯನ್ನು ಮದುವೆಯಾದಾಗ, ಆ ಸಮಾರಂಭದಲ್ಲಿ ಕೊಡವರ ಸಾಂಪ್ರದಾಯಿಕ ಉಡುಪನ್ನು ಧರಿಸಿದುದಕ್ಕಾಗಿ ಸಮಾಜದ ಮುಖಂಡರಿಂದ ಖಂಡನೆಯ ಮಾತುಗಳು ಬಂದುವು. ಅವನು ಮದುವೆಯಾದುದಕ್ಕಿಂತ, ನಮ್ಮ ಉಡುಪಿನಲ್ಲಿ ಮದುವೆಯಾದುದೇ ಹೆಚ್ಚಿನ ತಪ್ಪೆಂದು ಅವರಿಗೆ ತೋರಿತು. ಈ ವಿಚಾರಸರಣಿಯನ್ನು ತುದಿಯವರೆಗೆ ಹಿಂಬಾಲಿಸಿದರೆ ಸಿಗುವ ತೀರ್ಮಾನವೇನು? ಅವನು ಪರಕೀಯನಂತೆ ಬಾಳಿದರೆ ಕ್ಷಮೆಯುಂಟು, ತನ್ನವರಂತೆ ಬಾಳಿದರೆ ಕ್ಷಮೆಯಿಲ್ಲ ಎಂಬುದು. ಪರಂಪರೆಯ ಮೇಲೆ ಪ್ರೀತಿಯುಳ್ಳವರು ಮಾಡತಕ್ಕ ತೀರ್ಮಾನವೇ ಇದು? ಸಾವಿರಾರು ಮೈಲಿ ದೂರದಲ್ಲಿ, ತನ್ನ ಬಾಳಿನ ಮಹತ್ತ್ವದ ದಿನದಂದು, ಅಜ್ಜನ ಉಡುಪನ್ನೇ ತೊಡಬೇಕೆಂದು ಬಯಸಿದವನು ಪರಂಪರೆಯನ್ನು ಅವಮಾನಿಸಿದವನಲ್ಲ. ಅದಕ್ಕೆ ಅವನಿಗಿಂತ ಹೆಚ್ಚಿನ ಗೌರವವನ್ನು ತೋರಿದವರು ವಿರಳ. ಸೋದರಿಯ ಹಾರೈಕೆಗೂ ಇದೇ ನ್ಯಾಯ ಸಲ್ಲುತ್ತದೆ. ಅವಳು ಎದ್ದುನಿಂತು ತನ್ನ ಊರಿನ ಮಾತಿನಲ್ಲಿ ಹರಸಿದಾಗ ಅಣ್ಣನು ಊರಿನಿಂದ ಕಡಿದುಹೋದವನಾಗಿ ಉಳಿಯುವುದಿಲ್ಲ.

ನಾಲ್ಕನೆಯ ಆಕ್ಷೇಪವೇ ನಿಜವಾದುದು. ಉಳಿದವುಗಳೆಲ್ಲ ಅದರ ಮುಸುಕುಗಳು. ಮಾತು ಊರಿಗೆ ತಲುಪುತ್ತದೆ, ತಂಗಿಗೆ ಬರುವ ಸಂಬಂಧಗಳು ತಪ್ಪಿಹೋಗುತ್ತವೆ, ಅವಳು ಮದುವೆಯಾದವಳಾದರೆ ಗಂಡನ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ, ನಾಳೆ ಅವಳ ಮಕ್ಕಳ ಕಾಲಕ್ಕೂ ಆ ಮಾತು ಉಳಿಯುತ್ತದೆ ಎಂಬ ಭಯ. ಇದನ್ನು ಹಗುರವಾಗಿ ಕಾಣುವುದು ಅನುಚಿತ. ಹರಿಯಬ್ಬೆಯಂಥ ಊರಿನಲ್ಲಿ ಸಂಬಂಧ ಕುದುರಿಸುವವರು ಮೂರು ತಲೆಮಾರಿನ ಸಂಗತಿಗಳನ್ನು ವಿಚಾರಿಸುತ್ತಾರೆಂಬುದು ಎಲ್ಲರೂ ಬಲ್ಲ ವಿಷಯ. ಆದುದರಿಂದ, ಇನ್ನೊಬ್ಬರ ಆಶ್ರಯದಲ್ಲಿರುವ, ತನ್ನ ಕಾಲಮೇಲೆ ನಿಂತಿಲ್ಲದ ಹೆಣ್ಣುಮಗಳನ್ನು ‘ಎದ್ದು ಮಾತಾಡು’ ಎಂದು ಯಾರೂ ಬಲವಂತಪಡಿಸಬಾರದು, ಅಣ್ಣನಂತೂ ಕೂಡದು. ಆದರೆ ಮೌನದಿಂದ ಈ ಭಯ ನಿವಾರಣೆಯಾಗುವುದೆಂಬ ನಂಬಿಕೆ ಸುಳ್ಳು. ಮೂವತ್ತೈದು ದಾಟಿದ ಗಂಡುಮಗನು ಮದುವೆಯಾಗದೆ ಒಬ್ಬ ‘ಗೆಳೆಯ’ನ ಜೊತೆ ಮನೆ ಮಾಡಿಕೊಂಡಿದ್ದರೆ ಊರು ಊಹಿಸದೆ ಇರುವುದಿಲ್ಲ; ಬಚ್ಚಿಟ್ಟ ಸಂಗತಿಯೇ ಬೆದರಿಕೆಯ ಆಯುಧವಾಗುತ್ತದೆ. ಪಾಲು ಹಂಚಿಕೆಯ ಜಗಳದಲ್ಲಿ ‘ನಿಮ್ಮಣ್ಣನ ವಿಷಯ ಹೇಳಲೇನು’ ಎಂಬ ಮಾತು ಎಷ್ಟು ಮನೆಗಳ ಬಾಯಿ ಕಟ್ಟಿಲ್ಲ! ತಾನೇ ಸಭೆಯಲ್ಲಿ ನುಡಿದವಳನ್ನು ಆ ಮಾತಿನಿಂದ ಯಾರೂ ಬೆದರಿಸಲಾರರು.

ಮೌನಕ್ಕೆ ಬಲಿಯಾಗುವವರು ಇನ್ನೊಬ್ಬರೂ ಇದ್ದಾರೆ, ಅವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಸದ್ದಿಲ್ಲದೆ ಇರಲಿ’ ಎಂಬ ಒತ್ತಾಯವು ಎಷ್ಟೋ ಸಲ ‘ಒಂದು ಮದುವೆ ಮಾಡಿದರೆ ಸರಿಹೋಗುತ್ತಾನೆ’ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಆಗ ಪಕ್ಕದ ಊರಿನ ಒಬ್ಬ ಹೆಣ್ಣುಮಗಳು ಏನನ್ನೂ ಅರಿಯದೆ ಬಂದು, ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಎಣಿಸಿ, ತನ್ನ ಆಯುಷ್ಯವನ್ನು ಸವೆಸುತ್ತಾಳೆ. ಅವಳಿಗೂ ಅಣ್ಣತಮ್ಮಂದಿರಿದ್ದಾರೆ, ಅವಳೂ ಯಾರೋ ಒಬ್ಬರ ತಂಗಿಯೇ. ಸೋದರಿಯು ಅಣ್ಣನ ಪರವಾಗಿ ಎದ್ದುನಿಂತಾಗ ಅವಳು ಆ ಅಪರಿಚಿತ ಹೆಣ್ಣುಮಗಳನ್ನೂ ರಕ್ಷಿಸಿರುತ್ತಾಳೆ. ನಮ್ಮ ಮನೆಯ ಮರ್ಯಾದೆಗೆ ಇನ್ನೊಂದು ಮನೆಯ ಮಗಳ ಬಾಳನ್ನು ತೆರುವುದು ಯಾವ ಧರ್ಮಶಾಸ್ತ್ರದಲ್ಲಿ ಹೇಳಿದೆ?

ಈಗ, ಮಾತನಾಡಬೇಕೆಂದು ನಿಶ್ಚಯಿಸಿದವಳು ಹೇಗೆ ಮಾತನಾಡಬೇಕೆಂಬುದನ್ನು ಹೇಳದಿದ್ದರೆ ನನ್ನ ವಾದವು ಅಪೂರ್ಣವಾಗುತ್ತದೆ. ಏಕೆಂದರೆ ಕೆಟ್ಟ ಹಾರೈಕೆಯು ಮೌನದ ಪಕ್ಷದವರಿಗೇ ಬಲ ಕೊಡುತ್ತದೆ. ಸಾಮಾನ್ಯವಾಗಿ ಆಗುವ ತಪ್ಪುಗಳು ಮೂರು. ಮೊದಲನೆಯದು, ತನ್ನ ಮನಸ್ಸು ಹೇಗೆ ನೊಂದಿತು, ಹೇಗೆ ಬದಲಾಯಿತು, ತಾನು ಹೇಗೆ ಒಪ್ಪಿದೆ ಎಂದು ತನ್ನ ಔದಾರ್ಯದ ಚರಿತ್ರೆಯನ್ನೇ ಹೇಳುವುದು; ಅಂಥ ಭಾಷಣದಲ್ಲಿ ಅಣ್ಣನು ಕ್ಷಮೆ ಪಡೆದ ಅಪರಾಧಿಯಾಗಿ ಕಾಣುತ್ತಾನೆ. ಎರಡನೆಯದು, ಸಂಗಾತಿಯ ಹೆಸರನ್ನು ತೆಗೆಯದೆ ‘ಅಣ್ಣನ ಸ್ನೇಹಿತರು’ ಎಂದು ಸಾರಿಸಿಬಿಡುವುದು. ಅಲ್ಲಿಗೆ ಸಮಾರಂಭದ ಉದ್ದೇಶವೇ ಭಂಗವಾಯಿತು. ಮೂರನೆಯದು, ಬಾರದಿರುವ ತಾಯಿಯನ್ನೋ ಚಿಕ್ಕಪ್ಪನನ್ನೋ ಸಭೆಯಲ್ಲಿ ಆಕ್ಷೇಪಿಸುವುದು. ಯಾರದೋ ಫೋನಿನಲ್ಲಿ ಚಿತ್ರೀಕರಣವಾದ ಆ ಮಾತು ಅಂದು ರಾತ್ರಿಯೇ ಹಿರಿಯೂರಿನ ಬಂಧುಗಳ ಕೈಯಲ್ಲಿರುತ್ತದೆ, ಇನ್ನೊಂದು ವರ್ಷದಲ್ಲಿ ಮೆತ್ತಗಾಗಬಹುದಾಗಿದ್ದ ತಾಯಿಯ ಮನಸ್ಸು ಕಲ್ಲಾಗುತ್ತದೆ. ಆದಕಾರಣ ಹಿಂದಿನ ದಿನವೇ ಅಣ್ಣನನ್ನೂ ಅವನ ಸಂಗಾತಿಯನ್ನೂ ಕೂರಿಸಿಕೊಂಡು, ಯಾವುದನ್ನು ಹೇಳಬಹುದು, ಯಾವುದು ಬೇಡ, ಕಚೇರಿಯಲ್ಲಿ ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ, ಚಿತ್ರೀಕರಣಕ್ಕೆ ಸಮ್ಮತಿಯಿದೆಯೇ ಎಂದು ಕೇಳಿ ತಿಳಿದುಕೊಳ್ಳತಕ್ಕದ್ದು. ಐದು ನಿಮಿಷಕ್ಕೆ ಮೀರದ ಮಾತು ಸಾಕು. ಸಂಗಾತಿಯ ಮನೆಯವರ ಭಾಷೆ ಬೇರೆಯಾಗಿದ್ದರೆ ಅದರ ಸಾರವನ್ನು ಅವರ ಭಾಷೆಯಲ್ಲಿ ಒಬ್ಬರು ಹೇಳಬೇಕು.

ಸಾರವೆಂದರೆ ಮೂರು ಸಂಗತಿಗಳು: ತಾನು ಯಾರು, ಸಂಗಾತಿಯು ಎಂಥವನೆಂದು ತಾನು ಕಣ್ಣಾರೆ ಕಂಡ ಒಂದು ಘಟನೆ, ಮುಂದೆ ಪರೀಕ್ಷಿಸಿ ನೋಡಬಹುದಾದ ಒಂದು ವಚನ. ನಾನು ಭಾವಿಸಿದ ಆ ಹರಿಯಬ್ಬೆಯ ಕಡೆಯ ತಂಗಿಯು ಹೀಗೆ ನುಡಿಯಬಹುದು: “ನಾನು ಇವನ ತಂಗಿ. ನಮ್ಮಪ್ಪ ಹಿರಿಯೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾತ್ರಿ ಬಸ್ಸಿಗೆ ಬಂದು ಬೆಳಗಿನ ತನಕ ಬೆಂಚಿನ ಮೇಲೆ ಕೂತವರು ಇವರು. ಅಪ್ಪ ಕಣ್ಣುಬಿಟ್ಟಾಗ ಮೊದಲು ನೀರು ಕೇಳಿದ್ದೂ ಇವರನ್ನೇ. ಇವರು ನಮ್ಮಣ್ಣನ ಬಾಳಸಂಗಾತಿ, ನಮ್ಮ ಮನೆಯವರು. ಅಣ್ಣನಿಗೆ ಏನಾದರೂ ಆದರೆ ಡಾಕ್ಟರು ಮೊದಲು ಇವರನ್ನು ಕೇಳಬೇಕು. ನನ್ನನ್ನು ಕೇಳಿದರೆ ನಾನು ಇವರನ್ನೇ ತೋರಿಸುತ್ತೇನೆ. ನೀವಿಬ್ಬರೂ ಕಟ್ಟಿದ ಮನೆ ನಿಮ್ಮಿಬ್ಬರದೇ. ಅದರ ಬೀಗ ನಾನು ಎಂದೂ ಕೇಳುವುದಿಲ್ಲ. ಅಣ್ಣಾ, ಯುಗಾದಿಗೆ ಬರುವಾಗ ಒಬ್ಬನೇ ಬರಬೇಡ, ಇಬ್ಬರೂ ಬನ್ನಿ. ನೂರು ಕಾಲ ಚೆನ್ನಾಗಿ ಬಾಳಿ.” ಇದರಲ್ಲಿ ಅಲಂಕಾರವಿಲ್ಲ, ಹಕ್ಕುಗಳ ಉಪನ್ಯಾಸವಿಲ್ಲ. ಆದರೆ ಆಸ್ಪತ್ರೆ, ಮನೆ, ಹಬ್ಬ ಎಂಬ ಮೂರು ಸ್ಥಳಗಳನ್ನು ಹೆಸರಿಸಿ, ಕಾನೂನು ಸಂಗಾತಿಯನ್ನು ಹೊರಗಿಟ್ಟಿರುವ ಆ ಸ್ಥಳಗಳಲ್ಲಿಯೇ ಬಂಧುವು ಅವನನ್ನು ಒಳಗೆ ಕರೆದಿದ್ದಾಳೆ. ಒಳ್ಳೆಯ ಹಾರೈಕೆಯನ್ನು ಗುರುತಿಸುವ ಬಗೆ ಇದೇ: ಕೇಳಿದವರು ಹತ್ತು ವರ್ಷದ ಮೇಲೆ ‘ಅಂದು ನೀನು ಹೀಗೆ ಹೇಳಿದ್ದೆಯಲ್ಲಾ’ ಎಂದು ಅವಳನ್ನು ಹಿಡಿದು ನಿಲ್ಲಿಸುವಂತಿರಬೇಕು.

2023ರ ಏಪ್ರಿಲಿನಲ್ಲಿ ‘ಸ್ವೀಕಾರ್’ ಎಂಬ ತಂದೆತಾಯಿಗಳ ಬಳಗದ 400ಕ್ಕೂ ಹೆಚ್ಚು ಮಂದಿ, ತಮ್ಮ ಮಕ್ಕಳಿಗೆ ವಿವಾಹದ ಹಕ್ಕು ದೊರೆಯಲೆಂದು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. 2025ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯವು, ಸಂಸಾರವನ್ನು ಕಟ್ಟಿಕೊಳ್ಳಲು ಮದುವೆಯೊಂದೇ ಮಾರ್ಗವಲ್ಲವೆಂದೂ, ಆರಿಸಿಕೊಂಡ ಸಂಸಾರವೆಂಬುದು ನ್ಯಾಯಶಾಸ್ತ್ರದಲ್ಲಿ ಈಗ ನೆಲೆಗೊಂಡ ವಿಚಾರವೆಂದೂ ಹೇಳಿತು. ಕಾನೂನು ನಡೆಯಬೇಕಾದ ದಾರಿ ಇನ್ನೂ ಬಹಳವಿದೆ. ಶಾಸನಸಭೆಯು ಯಾವಾಗ ಎಚ್ಚರಗೊಳ್ಳುವುದೋ ಹೇಳುವವರಿಲ್ಲ. ಅಲ್ಲಿಯವರೆಗಿನ ಕಾಲದಲ್ಲಿ ಇಂಥ ಸಂಸಾರವೊಂದಕ್ಕೆ ಇರುವ ಆಧಾರಗಳು ಎರಡೇ: ಅವರಿಬ್ಬರು ಬರೆದಿಟ್ಟ ಪತ್ರಗಳು ಮತ್ತು ಅವರ ಬಂಧುಗಳು ನೆರೆದವರ ಮುಂದೆ ನುಡಿದ ಮಾತು. ಮೊದಲನೆಯದನ್ನು ವಕೀಲನಿಂದ ಬರೆಸಬಹುದು. ಎರಡನೆಯದನ್ನು ಹಣ ಕೊಟ್ಟು ಪಡೆಯಲಾಗದು, ಸ್ನೇಹಿತರಿಂದಲೂ ಅದು ಆಗದು. ಮುಂದೆ ಎದುರು ನಿಲ್ಲುವ ಅಧಿಕಾರವುಳ್ಳವರೇ ಅದನ್ನು ಇಂದು ನುಡಿಯಬೇಕು. ಆದುದರಿಂದ ‘ಸದ್ದಿಲ್ಲದೆ ಇರಲಿ’ ಎಂದು ಸೋದರಿಗೆ ಬುದ್ಧಿ ಹೇಳುವವರನ್ನು ನಾನು ಕೇಳುವುದಿಷ್ಟೇ: ಅಣ್ಣನ ಸಂಗಾತಿಯನ್ನು ಆಸ್ಪತ್ರೆಯ ಬಾಗಿಲಿನಲ್ಲಿಯೂ ತಾಲ್ಲೂಕು ಕಚೇರಿಯಲ್ಲಿಯೂ ಕಾಯಲು ನೀವು ಬರುತ್ತೀರಾ? ಬರುವುದಿಲ್ಲವೆಂದಾದರೆ, ಬರಬಲ್ಲವಳನ್ನು ಮಾತನಾಡಲು ಬಿಡಿ. ಮತ್ತು ಆ ಸೋದರಿಗೆ ನಾನು ಹೇಳುವುದು: ತಾಯೀ, ಆಹ್ವಾನ ಬಂದಾಗ ಹೋಗು, ಎದ್ದುನಿಲ್ಲು, ಅವನ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸು, ಮುಂದೆ ನಡೆಸಿಕೊಡುವಷ್ಟನ್ನೇ ನುಡಿ, ನುಡಿದುದನ್ನು ನಡೆಸು.